ಜಗಳವಾಡದ ತಂಡ ಗೆಲ್ಲುವುದಿಲ್ಲವೇ? ‘ತಂಡದ ನಾಲ್ಕು ಹಂತ’ಗಳ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಬಣ್ಣದ ಚಿತ್ರ ಓಡಾಡುತ್ತದೆ. ಅದರಲ್ಲಿ ನಾಲ್ಕು ಮೆಟ್ಟಿಲು. ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಕೆಳಗೆ ಒಂದು ಉಪದೇಶವೂ ಇರುತ್ತದೆ: “ಪ್ರತಿ ತಂಡವೂ ಈ ನಾಲ್ಕು ಹಂತ ದಾಟಲೇಬೇಕು. ಜಗಳವಾಡದ ತಂಡ ಎಂದೂ ಗೆಲ್ಲುವುದಿಲ್ಲ. ಆದ್ದರಿಂದ ಜಗಳ ಬಂದಾಗ ಲೀಡರ್ ಸುಮ್ಮನಿರಬೇಕು, ಅದು ತಾನಾಗಿಯೇ ಸರಿಹೋಗುತ್ತದೆ.”

ಇದರಲ್ಲಿ ಮೊದಲ ಮಾತು ಅರ್ಧ ನಿಜ. ಎರಡನೆಯದು ತಿರುಚಿದ ನಿಜ. ಮೂರನೆಯದು ತಪ್ಪು ಮಾತ್ರವಲ್ಲ, ಅಪಾಯವೂ ಹೌದು. ಇದನ್ನು ನಂಬಿ ಕೈಕಟ್ಟಿ ಕೂತ ಲೀಡರ್‌ನ ತಂಡದಲ್ಲಿ ಒಳ್ಳೆಯ ಕೆಲಸಗಾರರೇ ಮೊದಲು ಬಿಟ್ಟುಹೋಗುತ್ತಾರೆ. ಹಾಗಾದರೆ ಈ ನಾಲ್ಕು ಹಂತಗಳು ಎಲ್ಲಿಂದ ಬಂದವು? ಪ್ರಾಜೆಕ್ಟ್ ನಡೆಸುವವರು ಯಾವ ಹಂತದಲ್ಲಿ ಏನು ಮಾಡಬೇಕು?

ಇದು ಎಲ್ಲಿಂದ ಬಂತು?

ಈ ನಾಲ್ಕು ಹೆಸರುಗಳನ್ನು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್. ವರ್ಷ 1965. ಆಗ ಅವರು ಅಲ್ಲಿನ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಸಣ್ಣ ಗುಂಪುಗಳಲ್ಲಿ ಜನ ಹೇಗೆ ವರ್ತಿಸುತ್ತಾರೆ ಎಂಬುದು ಅಲ್ಲಿನ ಅಧ್ಯಯನದ ವಿಷಯ. ಟಕ್‌ಮನ್ ಸ್ವತಃ ಯಾವುದೇ ಕಂಪನಿಗೆ ಹೋಗಿ ತಂಡಗಳನ್ನು ಗಮನಿಸಿ ಈ ಹಂತಗಳನ್ನು ಕಂಡುಹಿಡಿದದ್ದಲ್ಲ. ಅದುವರೆಗೆ ಬೇರೆಯವರು ಬರೆದಿದ್ದ 50 ಲೇಖನಗಳನ್ನು ಓದಿ, ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮವನ್ನು ಹೆಕ್ಕಿ ತೆಗೆದರು.

ಆ ಲೇಖನಗಳಲ್ಲಿ ಹೆಚ್ಚಿನವು ಕೆಲಸದ ತಂಡಗಳ ಬಗ್ಗೆ ಆಗಿರಲಿಲ್ಲ. ಮಾನಸಿಕ ಚಿಕಿತ್ಸೆಗಾಗಿ ಒಟ್ಟಿಗೆ ಕೂರುವ ರೋಗಿಗಳ ಗುಂಪುಗಳು, ಪರಸ್ಪರ ವರ್ತನೆಯನ್ನು ಕಲಿಯಲು ಸೇರಿದ ತರಬೇತಿ ಗುಂಪುಗಳು ಅದರಲ್ಲಿ ಜಾಸ್ತಿ ಇದ್ದವು. ಮನಸ್ಸಿನಲ್ಲಿರುವುದನ್ನು ಹೊರಹಾಕಲೆಂದೇ ಕೂರುವ ಗುಂಪಿನಲ್ಲಿ ಸಿಟ್ಟು, ಅಸಮಾಧಾನ ಹೊರಗೆ ಬರುವುದು ಸಹಜ. ಗಡುವಿನೊಳಗೆ ಒಂದು ಕೆಲಸ ಮುಗಿಸಬೇಕಾದ ಆರು ಜನರ ತಂಡಕ್ಕೂ ಅದೇ ಕ್ರಮ ಹಾಗೇ ಅನ್ವಯಿಸುತ್ತದೆಯೇ? ಚಿಕಿತ್ಸಾ ಗುಂಪುಗಳ ಪಾಲು ಹೆಚ್ಚಾಯಿತು ಎಂಬ ಮಿತಿಯನ್ನು ಟಕ್‌ಮನ್ ಅವರೇ ತಮ್ಮ ಲೇಖನದಲ್ಲಿ ಒಪ್ಪಿಕೊಂಡಿದ್ದರು. ಫಾರ್ವರ್ಡ್ ಚಿತ್ರದಲ್ಲಿ ಆ ಸಾಲು ಉಳಿದಿಲ್ಲ. 1977ರಲ್ಲಿ ಅವರು ಮೇರಿ ಆ್ಯನ್ ಜೆನ್ಸನ್ ಜೊತೆ ಸೇರಿ ಅಡ್ಜರ್ನಿಂಗ್, ಅಂದರೆ ತಂಡ ಚದುರುವ ಐದನೇ ಹಂತವನ್ನೂ ಸೇರಿಸಿದರು. ಅದು ಕೂಡ ಬಹುತೇಕ ಚಿತ್ರಗಳಲ್ಲಿ ಕಾಣೆ.

ಇನ್ನೊಂದು ಮುಖ್ಯ ಅಂಶವೂ ಕಳೆದುಹೋಗಿದೆ. ಟಕ್‌ಮನ್ ಪ್ರತಿ ಹಂತದಲ್ಲೂ ಎರಡು ಎಳೆಗಳನ್ನು ಬೇರೆ ಬೇರೆಯಾಗಿ ನೋಡಿದ್ದರು. ಒಂದು, ಜನರ ನಡುವಿನ ಸಂಬಂಧ. ಇನ್ನೊಂದು, ಕೈಯಲ್ಲಿರುವ ಕೆಲಸ. ಈ ಎರಡು ಎಳೆಗಳನ್ನು ಬಿಡಿಸಿ ನೋಡಲು ಬಂದರೆ ಲೀಡರ್‌ನ ಅರ್ಧ ಕೆಲಸ ಹಗುರಾದಂತೆ. ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ.

ಮೊದಲ ಹಂತ: ಎಲ್ಲರೂ ತಲೆಯಾಡಿಸುವ ಕಾಲ

ತಾಲ್ಲೂಕು ಕೇಂದ್ರದ ಒಂದು ಆಸ್ಪತ್ರೆ. ಹೊರರೋಗಿಗಳ ಚೀಟಿ ಬರೆಯುವ ಕೆಲಸವನ್ನು ಪುಸ್ತಕದಿಂದ ಕಂಪ್ಯೂಟರಿಗೆ ತರಬೇಕು. ಅವಧಿ 16 ವಾರ. ತಂಡದಲ್ಲಿ ಆರು ಜನ: ಸಾಫ್ಟ್‌ವೇರ್ ಮಾಡುವ ಇಬ್ಬರು ಯುವಕರು, ಇಪ್ಪತ್ತು ವರ್ಷದಿಂದ ಕೌಂಟರಿನಲ್ಲಿ ಕೂತಿರುವ ಹಿರಿಯ ಗುಮಾಸ್ತರು, ಒಬ್ಬ ನರ್ಸ್, ಲೆಕ್ಕಪತ್ರ ವಿಭಾಗದವರೊಬ್ಬರು, ಮತ್ತು ಇವರನ್ನೆಲ್ಲ ನಡೆಸುವ ಲೀಡರ್.

ಮೊದಲ ಮೀಟಿಂಗ್ ಚೆನ್ನಾಗಿಯೇ ನಡೆಯುತ್ತದೆ. ಯುವಕರು ಪರದೆಯ ಮೇಲೆ 14 ಮಾಹಿತಿ ಕೇಳುವ ಒಂದು ಫಾರಂ ತೋರಿಸುತ್ತಾರೆ. ಎಲ್ಲರೂ “ಚೆನ್ನಾಗಿದೆ” ಅನ್ನುತ್ತಾರೆ. ಗುಮಾಸ್ತರು ಒಂದು ಮಾತೂ ಆಡುವುದಿಲ್ಲ. ಇದನ್ನು ಒಪ್ಪಿಗೆ ಎಂದುಕೊಂಡರೆ ಲೀಡರ್ ಮೋಸಹೋದಂತೆ. ಹೊಸ ತಂಡದಲ್ಲಿ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕುತ್ತಿರುತ್ತಾರೆ. ಇಲ್ಲಿ ನನ್ನ ಜಾಗ ಯಾವುದು? ಯಾರ ಮಾತು ನಡೆಯುತ್ತದೆ? ತಪ್ಪು ಹೇಳಿದರೆ ನಗುತ್ತಾರಾ? ಉತ್ತರ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎನಿಸುತ್ತದೆ.

ಆದ್ದರಿಂದ ಈ ಹಂತದಲ್ಲಿ ಲೀಡರ್ “ನಿಮ್ಮ ಅಭಿಪ್ರಾಯ ಹೇಳಿ” ಎಂದು ಸಭೆಯನ್ನು ಕೇಳಿ ಕಾಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿ ಅವರು ಸ್ಪಷ್ಟವಾಗಿ ಹೇಳಬೇಕಾದ ವಿಷಯಗಳಿವೆ. ಕೆಲಸ ಮುಗಿದಿದೆ ಎಂದು ನಾವು ಯಾವಾಗ ಹೇಳಬಹುದು? “ಚೀಟಿ ವ್ಯವಸ್ಥೆ ಕಂಪ್ಯೂಟರೀಕರಣ” ಎಂಬುದು ಉತ್ತರವಲ್ಲ. “ಬೆಳಿಗ್ಗೆಯ ಮೂರು ಗಂಟೆಯಲ್ಲಿ ಒಂದೇ ಕೌಂಟರಿನಿಂದ 150 ಜನರಿಗೆ ಚೀಟಿ ಕೊಡಬೇಕು, ಹಳೇ ರೋಗಿ ಮತ್ತೆ ಬಂದರೆ ಹಳೇ ದಾಖಲೆ ಸಿಗಬೇಕು” ಎಂಬುದು ಉತ್ತರ. ಜೊತೆಗೆ ಯಾವ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಎಂಬುದನ್ನೂ ಮೊದಲೇ ಹೇಳಬೇಕು. ಮೀಟಿಂಗ್ ಮುಗಿದ ಮೇಲೆ ಒಬ್ಬೊಬ್ಬರ ಬಳಿ ಹತ್ತು ನಿಮಿಷ ಕೂತು, “ಇದು ಎಲ್ಲಿ ಕೆಡಬಹುದು ಅನ್ಸುತ್ತೆ?” ಎಂದು ಕೇಳಬೇಕು. ಸಭೆಯಲ್ಲಿ ಸುಮ್ಮನಿದ್ದ ಗುಮಾಸ್ತರು ತಮ್ಮ ಕೌಂಟರಿನಲ್ಲಿ ಬಾಯಿ ಬಿಡುತ್ತಾರೆ.

ಎರಡನೇ ಹಂತ: ಜಗಳ ಯಾವುದರ ಬಗ್ಗೆ?

ಮೂರು ವಾರ ಕಳೆಯುತ್ತದೆ. ಈಗ ಮೌನ ಮುರಿಯುತ್ತದೆ. “ಫೋನ್ ನಂಬರ್ ಇಲ್ದೆ ಫಾರಂ ಮುಂದೆ ಹೋಗೋದೇ ಇಲ್ಲ ಅಂದ್ರೆ ಹೇಗಪ್ಪಾ? ಹಳ್ಳಿಯಿಂದ ಬರೋ ಅಜ್ಜಿ ಹತ್ರ ಫೋನ್ ಎಲ್ಲಿರುತ್ತೆ?” ಎಂದು ಗುಮಾಸ್ತರು ಕೇಳುತ್ತಾರೆ. “ಫೋನ್ ನಂಬರ್ ಇಲ್ಲಾಂದ್ರೆ ಒಂದೇ ಹೆಸರಿನ ಹತ್ತು ಮಂಜುನಾಥರಲ್ಲಿ ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ ಸರ್?” ಎಂದು ಯುವಕ ಉತ್ತರಿಸುತ್ತಾನೆ.

ಇದು ಕೆಲಸದ ಬಗ್ಗೆ ಜಗಳ. ಇಬ್ಬರ ಮಾತಿನಲ್ಲೂ ಹುರುಳಿದೆ. ಇದನ್ನು ಇಲ್ಲೇ ಕೈಗೆತ್ತಿಕೊಳ್ಳದೆ ಬಿಟ್ಟರೆ ಮುಂದಿನ ವಾರ ಮಾತು ಹೀಗೆ ಬದಲಾಗುತ್ತದೆ: “ಇವರಿಗೆ ಕಂಪ್ಯೂಟರ್ ಅಂದ್ರೇನೇ ಆಗಲ್ಲ, ಅದಕ್ಕೇ ಅಡ್ಡಗಾಲು.” “ನಿನ್ನೆ ಮೊನ್ನೆ ಬಂದ ಹುಡುಗರು ನಮಗೆ ಪಾಠ ಹೇಳ್ತಾರೆ.” ಈಗ ವಿಷಯ ಫೋನ್ ನಂಬರ್ ಅಲ್ಲ, ಮನುಷ್ಯ. ಸಂಬಂಧದ ಎಳೆ ಕೆಲಸದ ಎಳೆಗೆ ಸುತ್ತಿಕೊಂಡಿದೆ.

ಈ ಎರಡು ಬಗೆಯ ಜಗಳಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದವರಲ್ಲಿ ಕ್ಯಾರನ್ ಜೆನ್ ಪ್ರಮುಖರು. 1990ರ ದಶಕದಿಂದ ಈಚೆಗೆ ಈ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಮನುಷ್ಯರ ನಡುವಿನ ಜಗಳ ತಂಡಕ್ಕೆ ಕೆಡುಕು ಎಂಬುದು ಮತ್ತೆ ಮತ್ತೆ ಕಂಡಿದೆ. ಕೆಲಸದ ಬಗೆಗಿನ ಭಿನ್ನಾಭಿಪ್ರಾಯ ಕೆಲವೊಮ್ಮೆ ನೆರವಾಗುತ್ತದೆ, ಕೆಲವೊಮ್ಮೆ ಅದೂ ಹಾನಿ ಮಾಡುತ್ತದೆ. ಅದು ವೈಯಕ್ತಿಕ ಜಗಳವಾಗಿ ತಿರುಗದಿದ್ದಾಗ ನೆರವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ “ಜಗಳವಾಡದ ತಂಡ ಗೆಲ್ಲುವುದಿಲ್ಲ” ಎಂಬ ಮಾತಿಗೆ ಆಧಾರವಿಲ್ಲ. ಭಿನ್ನಾಭಿಪ್ರಾಯ ಹೊರಗೆ ಬರಬೇಕು ಎಂಬುದು ನಿಜ. ಜಗಳ ಆಗಲೇಬೇಕು ಎಂಬುದು ನಿಜವಲ್ಲ.

ಯಾವ ಬಗೆಯ ಜಗಳ ಎಂದು ಗುರುತಿಸುವುದು ಹೇಗೆ? ಮಾತಿನ ಕರ್ತೃಪದ ಗಮನಿಸಿ. “ಈ ಫಾರಂ”, “ಆ ಕ್ಯೂ”, “ಈ ಲೆಕ್ಕ” ಎಂದು ವಾಕ್ಯ ಶುರುವಾಗುತ್ತಿದ್ದರೆ ಜಗಳ ಇನ್ನೂ ಕೆಲಸದ ಮೇಲಿದೆ. “ಇವರು ಯಾವಾಗಲೂ”, “ಅವರಿಗೆ ಎಂದೂ” ಎಂದು ಶುರುವಾಗತೊಡಗಿದರೆ ದಾರಿ ತಪ್ಪಿದೆ. ಇನ್ನೊಂದು ಗುರುತು ಇದೆ. ಗುಂಪಿನಲ್ಲಿ ಮಾತು ಕಡಿಮೆಯಾಗಿ, ಇಬ್ಬಿಬ್ಬರ ನಡುವಿನ ಖಾಸಗಿ ಮೆಸೇಜು ಹೆಚ್ಚಾಗುವುದು. ಆರು ಜನರ ಗುಂಪಿನಿಂದ ಒಬ್ಬರನ್ನು ಬಿಟ್ಟು ಐದು ಜನರ ಇನ್ನೊಂದು ವಾಟ್ಸಾಪ್ ಗುಂಪು ಹುಟ್ಟಿದೆ ಎಂದು ಗೊತ್ತಾದರೆ ಲೀಡರ್ ಆ ದಿನವೇ ಏಳಬೇಕು.

ಲೀಡರ್ ಇಲ್ಲಿ ಸುಮ್ಮನಿರಬಾರದು, ಹಾಗೆಂದು ತೀರ್ಪು ಕೊಡುವ ಪಂಚಾಯ್ತಿ ಕಟ್ಟೆಯೂ ಆಗಬಾರದು. “ಗುಮಾಸ್ತರು ಹೇಳಿದ್ದೇ ಸರಿ” ಅಂದರೆ ಯುವಕರು ಸೋತಂತೆ, “ಹುಡುಗರು ಹೇಳಿದ್ದೇ ಸರಿ” ಅಂದರೆ ಹಿರಿಯರ ಮರ್ಯಾದೆ ಹೋದಂತೆ. ಜಗಳವನ್ನು ಪರೀಕ್ಷೆ ಮಾಡಬಹುದಾದ ಪ್ರಶ್ನೆಯಾಗಿ ಬದಲಾಯಿಸುವುದು ಇದಕ್ಕಿಂತ ಒಳ್ಳೆಯ ದಾರಿ.

ನಮ್ಮ ಆಸ್ಪತ್ರೆಯ ಲೀಡರ್ ಒಂದು ಬೆಳಿಗ್ಗೆ ಇಬ್ಬರನ್ನೂ ಕೌಂಟರಿನಲ್ಲಿ ಅಕ್ಕಪಕ್ಕ ಕೂರಿಸುತ್ತಾರೆ. ಮೊದಲ 20 ರೋಗಿಗಳಿಗೆ 14 ಪ್ರಶ್ನೆಯ ಫಾರಂ, ಮುಂದಿನ 20 ಜನರಿಗೆ ಐದು ಪ್ರಶ್ನೆಯ ಫಾರಂ. ನರ್ಸ್ ಮೊಬೈಲಿನಲ್ಲಿ ಸಮಯ ಅಳೆಯುತ್ತಾರೆ. ಉದ್ದದ ಫಾರಂಗೆ ಒಬ್ಬರಿಗೆ ಸರಾಸರಿ 3 ನಿಮಿಷ ಹಿಡಿಯಿತು, ಚಿಕ್ಕದಕ್ಕೆ 70 ಸೆಕೆಂಡು ಎಂದುಕೊಳ್ಳಿ. ಈಗ ಲೆಕ್ಕ ತಾನೇ ಮಾತಾಡುತ್ತದೆ. 150 ಜನರಿಗೆ ತಲಾ 3 ನಿಮಿಷ ಅಂದರೆ 450 ನಿಮಿಷ, ಅಂದರೆ ಏಳೂವರೆ ಗಂಟೆ. ತಲಾ 70 ಸೆಕೆಂಡು ಅಂದರೆ 175 ನಿಮಿಷ, ಅಂದರೆ ಮೂರು ಗಂಟೆಗೆ ಐದು ನಿಮಿಷ ಕಡಿಮೆ. ಉದ್ದದ ಫಾರಂ ನಡೆಯುವುದಿಲ್ಲ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಆದರೆ ಯುವಕನ ಆತಂಕವೂ ಸುಳ್ಳಲ್ಲವಲ್ಲ? ಒಂದೇ ಹೆಸರಿನ ಇಬ್ಬರ ದಾಖಲೆ ಅದಲುಬದಲಾದರೆ ತಪ್ಪು ಔಷಧಿ ಹೋಗಬಹುದು. ಅದಕ್ಕೆ ಉಪಾಯ ಗುಮಾಸ್ತರ ಅನುಭವದಿಂದಲೇ ಬರುತ್ತದೆ. ಹೆಸರು, ವಯಸ್ಸು, ಲಿಂಗ, ಊರು, ತಂದೆ ಅಥವಾ ಗಂಡನ ಹೆಸರು, ಈ ಐದನ್ನೇ ಅವರು ಪುಸ್ತಕದಲ್ಲಿ ಇಷ್ಟು ವರ್ಷ ಬರೆದು ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿದ್ದರು. ಫೋನ್ ಇದ್ದರೆ ಬರೆಯುವುದು, ಇಲ್ಲದಿದ್ದರೆ ಖಾಲಿ ಬಿಡುವುದು. ಉಳಿದ ಪ್ರಶ್ನೆಗಳನ್ನು ರಕ್ತದೊತ್ತಡ ನೋಡುವ ಜಾಗದಲ್ಲಿ ನರ್ಸ್ ಕೇಳುವುದು. ಇದು ಇಬ್ಬರಲ್ಲಿ ಯಾರೊಬ್ಬರಿಗೂ ಒಂಟಿಯಾಗಿ ಹೊಳೆದ ಉಪಾಯವಲ್ಲ.

ಎಲ್ಲ ಜಗಳಕ್ಕೂ ಈ ದಾರಿ ನಡೆಯುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಜಾತಿ, ಲಿಂಗ, ಊರು ಹಿಡಿದು ಹೀಯಾಳಿಸುತ್ತಿದ್ದರೆ ಅದು ತಂಡ ಬೆಳೆಯುವ ಹಂತವಲ್ಲ. ಅದಕ್ಕೆ ಪ್ರಯೋಗ ಬೇಕಿಲ್ಲ, ನೇರ ಕ್ರಮ ಬೇಕು. “ಇದೆಲ್ಲ ಸ್ಟಾರ್ಮಿಂಗ್ ಹಂತ, ಸಹಿಸಿಕೊಳ್ಳಿ” ಎಂದು ಕಿರುಕುಳವನ್ನು ಮುಚ್ಚಿಹಾಕಲು ಈ ಚಿತ್ರವನ್ನು ಬಳಸುವುದೇ ಅದರ ಅತಿ ಕೆಟ್ಟ ಬಳಕೆ.

ಮೂರನೇ ಹಂತ: ಹೊಂದಿಕೆ ಬಂದಾಗಿನ ಹೊಸ ಅಪಾಯ

ಕೌಂಟರಿನ ಆ ಬೆಳಿಗ್ಗೆಯ ನಂತರ ತಂಡದಲ್ಲಿ ಒಂದು ರೂಢಿ ಬೆಳೆಯುತ್ತದೆ: ವಾದ ಹತ್ತು ನಿಮಿಷ ದಾಟಿದರೆ ಅಳೆದು ನೋಡುವುದು. ಹೀಗೆ ತಂಡ ತನಗೆ ತಾನೇ ಹಾಕಿಕೊಳ್ಳುವ ಕಟ್ಟುಪಾಡುಗಳ ಹಂತವೇ ನಾರ್ಮಿಂಗ್. ಲೀಡರ್ ಈಗ ಹೊಸ ನಿಯಮ ಹೇರುವುದು ಬೇಡ. ಆಗಲೇ ನಡೆಯುತ್ತಿರುವ ಒಳ್ಳೆಯ ರೂಢಿಯನ್ನು ಗುರುತಿಸಿ ಒಂದು ಹಾಳೆಯಲ್ಲಿ ಬರೆಸಿಟ್ಟರೆ ಸಾಕು. ಬದಲಾವಣೆ ಬೇಕೆಂದರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು ಎಂಬ ನಾಲ್ಕೈದು ಸಾಲು.

ಇಲ್ಲಿ ಒಂದು ಗುಂಡಿ ಇದೆ. ಜಗಳ ದಾಟಿ ಬಂದವರಿಗೆ ಮತ್ತೆ ಜಗಳ ಬೇಡ ಎನಿಸುತ್ತದೆ. ಈಗಿನ ಮೌನ ಮೊದಲ ದಿನದ ಮೌನದಂತಲ್ಲ. ಅಂದು ಪರಿಚಯವಿಲ್ಲದ್ದಕ್ಕೆ ಸುಮ್ಮನಿದ್ದರು, ಇಂದು ಸ್ನೇಹ ಕೆಡುತ್ತದೆಂದು ಸುಮ್ಮನಿದ್ದಾರೆ. ಒಗ್ಗಟ್ಟಿನ ಗುಂಪುಗಳು ಒಮ್ಮತದ ಆಸೆಯಲ್ಲಿ ಕಣ್ಣೆದುರಿನ ತೊಂದರೆಯನ್ನೇ ಕಾಣದೆ ಹೋಗುವುದನ್ನು ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರಲ್ಲಿ ‘ಗ್ರೂಪ್‌ಥಿಂಕ್’ ಎಂಬ ಹೆಸರಿನಿಂದ ವಿವರಿಸಿದರು.

ನಮ್ಮ ಉದಾಹರಣೆಯಲ್ಲಿ ಕರೆಂಟ್ ಹೋದರೆ ಏನು ಮಾಡುವುದು ಎಂದು ಯಾರೂ ಕೇಳಿಲ್ಲ. ನರ್ಸ್‌ಗೆ ಆ ಅನುಮಾನವಿದೆ, ಆದರೆ ಎಲ್ಲರೂ ಖುಷಿಯಲ್ಲಿರುವಾಗ ಅಪಶಕುನ ನುಡಿಯಲು ಅವರಿಗೆ ಮನಸ್ಸಿಲ್ಲ. ಲೀಡರ್ “ಏನಾದರೂ ಸಮಸ್ಯೆ ಇದೆಯಾ?” ಎಂದರೆ “ಇಲ್ಲ” ಎಂಬ ಉತ್ತರವೇ ಬರುತ್ತದೆ. ಬದಲಿಗೆ ಪ್ರಶ್ನೆಯನ್ನು ಹೀಗೆ ಕೇಳಬಹುದು: “ಶುರು ಮಾಡಿದ ಮೊದಲ ಸೋಮವಾರವೇ ಕೌಂಟರ್ ನಿಂತುಹೋಯಿತು ಎಂದುಕೊಳ್ಳಿ. ಯಾಕೆ ನಿಂತಿರಬಹುದು? ಪ್ರತಿಯೊಬ್ಬರೂ ಎರಡು ಕಾರಣ ಚೀಟಿಯಲ್ಲಿ ಬರೆದು ಕೊಡಿ.” ಈಗ ತೊಂದರೆ ಹೇಳುವುದೇ ಎಲ್ಲರಿಗೂ ಕೊಟ್ಟ ಕೆಲಸ, ಹೇಳಿದವರು ಕೆಟ್ಟವರಾಗುವುದಿಲ್ಲ. ಕರೆಂಟ್ ಮಾತು ಚೀಟಿಯಲ್ಲಿ ಬರುತ್ತದೆ. ಕೌಂಟರಿಗೊಂದು ಯುಪಿಎಸ್, ಅದೂ ಕೈಕೊಟ್ಟರೆ ಬರೆಯಲು ಮೊದಲೇ ನಂಬರ್ ಮುದ್ರಿಸಿದ ಚೀಟಿ ಪುಸ್ತಕ, ಎರಡೂ ಸಿದ್ಧವಾಗುತ್ತವೆ.

ನಾಲ್ಕನೇ ಹಂತ: ಲೀಡರ್ ಹಿಂದೆ ಸರಿಯುವ ಸಮಯ

ಪರ್ಫಾರ್ಮಿಂಗ್ ಅಂದರೆ ಎಲ್ಲರೂ ಹೆಚ್ಚು ಹೊತ್ತು ದುಡಿಯುವುದು ಎಂದು ಅನೇಕರು ತಿಳಿದಿದ್ದಾರೆ. ಅದರ ಗುರುತು ಬೇರೆಯೇ. ಲೀಡರ್ ಎರಡು ದಿನ ರಜೆ ಹಾಕಿದರೂ ನಿರ್ಧಾರಗಳು ನಿಲ್ಲುವುದಿಲ್ಲ. ತಪ್ಪು ಮಾಡಿದವರೇ ಮೊದಲು ಬಂದು ಹೇಳುತ್ತಾರೆ. ನರ್ಸ್ ನೇರವಾಗಿ ಸಾಫ್ಟ್‌ವೇರ್ ಯುವಕನಿಗೆ ಹೇಳಿ ಬದಲಾವಣೆ ಮಾಡಿಸಿಕೊಳ್ಳುತ್ತಾರೆ, ಆಮೇಲೆ ಲೀಡರ್‌ಗೆ ತಿಳಿಸುತ್ತಾರೆ.

ಈ ಹಂತದಲ್ಲಿ ಲೀಡರ್ ಮಾಡುವ ಸಾಮಾನ್ಯ ತಪ್ಪು ಎಂದರೆ ಮೊದಲ ಹಂತದಲ್ಲಿದ್ದಂತೆಯೇ ಇರುವುದು. ದಿನಕ್ಕೆ ಮೂರು ಬಾರಿ ವರದಿ ಕೇಳುವುದು, ಪ್ರತಿ ಮಾತಿಗೂ ತಮ್ಮ ಅನುಮತಿ ಬೇಕೆನ್ನುವುದು. ಹೀಗಾದರೆ ತಂಡ ಮತ್ತೆ ತಲೆಯಾಡಿಸುವ ಹಂತಕ್ಕೆ ಇಳಿಯುತ್ತದೆ. ಈಗ ಲೀಡರ್‌ನ ಕೆಲಸ ತಂಡದ ಹೊರಗಿದೆ: ಪ್ರಿಂಟರ್ ಬಿಲ್ ಪಾಸ್ ಮಾಡಿಸುವುದು, ಡಾಕ್ಟರುಗಳ ಬಳಿ ಮಾತಾಡಿ ಒಪ್ಪಿಸುವುದು, ನಡುವೆ ಬಂದು ಬೀಳುವ ಹೊಸ ಬೇಡಿಕೆಗಳನ್ನು ತಡೆಯುವುದು.

ಮೆಟ್ಟಿಲಲ್ಲ, ಹಾವು ಏಣಿ

ಹದಿಮೂರನೇ ವಾರದಲ್ಲಿ ಇಬ್ಬರು ಯುವಕರಲ್ಲಿ ಒಬ್ಬ ಬೇರೆ ಕೆಲಸ ಹಿಡಿದು ಹೋಗುತ್ತಾನೆ, ಅವನ ಜಾಗಕ್ಕೆ ಹೊಸಬರು ಬರುತ್ತಾರೆ ಎನ್ನೋಣ. ತಂಡ ಮತ್ತೆ ಮೊದಲ ಹಂತಕ್ಕೆ ಬರುತ್ತದೆ, ಕನಿಷ್ಠ ಆ ಒಬ್ಬರ ಮಟ್ಟಿಗೆ. “ಫೋನ್ ನಂಬರ್ ಕಡ್ಡಾಯ ಮಾಡಿದರೆ ಒಳ್ಳೆಯದಲ್ವಾ?” ಎಂದು ಅವರು ಮತ್ತೆ ಕೇಳುತ್ತಾರೆ. ಹಳಬರಿಗೆ ಸಿಟ್ಟು ಬರುತ್ತದೆ. ಮೊದಲೇ ಬರೆದಿಟ್ಟ ಆ ಒಂದು ಹಾಳೆ, ಅದರ ಜೊತೆ 20 ಮತ್ತು 20 ರೋಗಿಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತವೆ. ನಿರ್ಧಾರವನ್ನು ಮಾತ್ರವಲ್ಲ, ಅದರ ಕಾರಣವನ್ನೂ ಬರೆದಿಡಬೇಕು ಎನ್ನುವುದು ಇದಕ್ಕೇ.

ಹಂತಗಳು ಸಾಲಾಗಿ ಬರುತ್ತವೆ ಎಂಬ ಮಾತಿಗೆ ದೊಡ್ಡ ಪ್ರಶ್ನೆ ಎತ್ತಿದವರು ಕಾನಿ ಗೆರ್ಸಿಕ್. ಅವರು ಎಂಟು ಕೆಲಸದ ಗುಂಪುಗಳನ್ನು ಮೊದಲ ಭೇಟಿಯಿಂದ ಕೊನೆಯವರೆಗೆ ಗಮನಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಮೆಟ್ಟಿಲು ಕಾಣಲಿಲ್ಲ. ಕೆಲವು ಗುಂಪುಗಳ ಅವಧಿ ಕೆಲವೇ ದಿನ, ಕೆಲವುಗಳದ್ದು ತಿಂಗಳುಗಟ್ಟಲೆ. ಆದರೂ ಒಂದು ವಿಷಯ ಸಮಾನವಾಗಿತ್ತು. ಮೊದಲ ಭೇಟಿಯಲ್ಲೇ ಹಿಡಿದ ದಾರಿಯಲ್ಲಿ ಗುಂಪು ಅರ್ಧ ಅವಧಿಯವರೆಗೆ ಹೆಚ್ಚು ಬದಲಾಗದೆ ಸಾಗುತ್ತಿತ್ತು. ಗಡುವಿನ ಅರ್ಧ ಕಳೆಯಿತು ಎಂಬ ಅರಿವು ಬಂದಾಗ ಎಚ್ಚೆತ್ತು, ಹಳೆಯದನ್ನು ಬಿಟ್ಟು ಹೊಸ ದಾರಿ ಹಿಡಿಯುತ್ತಿತ್ತು. ಅಂದರೆ ತಂಡವನ್ನು ಬದಲಿಸುವುದು ಬರೀ ಜಗಳವಲ್ಲ, ಕ್ಯಾಲೆಂಡರ್ ಕೂಡ.

ಇದರಿಂದ ಲೀಡರ್‌ಗೆ ಸಿಗುವ ಪಾಠ ಸರಳ. 16 ವಾರದ ಕೆಲಸವಾದರೆ ಎಂಟನೇ ವಾರದಲ್ಲಿ ಅರ್ಧ ದಿನ ಕೆಲಸ ನಿಲ್ಲಿಸಿ, “ನಾವು ಹಿಡಿದ ದಾರಿ ಸರಿಯಿದೆಯಾ?” ಎಂದು ಕೂತು ಕೇಳಬೇಕು. ಮೂರನೇ ವಾರದಲ್ಲಿ ಇದನ್ನೇ ಕೇಳಿದರೆ ತಂಡಕ್ಕೆ ಹೇಳಲು ಅನುಭವವೇ ಇರುವುದಿಲ್ಲ. ಹದಿನಾಲ್ಕನೇ ವಾರದಲ್ಲಿ ಕೇಳಿದರೆ ತಿದ್ದಲು ಸಮಯವಿರುವುದಿಲ್ಲ. ತಂಡಗಳ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ರಿಚರ್ಡ್ ಹ್ಯಾಕ್‌ಮನ್ ಮತ್ತು ರೂತ್ ವ್ಯಾಗ್‌ಮನ್ 2005ರಲ್ಲಿ ಇದೇ ಅರ್ಥದ ಮಾತು ಮುಂದಿಟ್ಟರು. ಆರಂಭದಲ್ಲಿ ಹುರುಪು ತುಂಬುವುದು, ನಡುವಿನಲ್ಲಿ ದಾರಿಯ ಬಗ್ಗೆ ಚರ್ಚೆ, ಕೊನೆಯಲ್ಲಿ ಕಲಿತದ್ದನ್ನು ಹೆಕ್ಕುವುದು. ಆಯಾ ಕೆಲಸ ಆಯಾ ಹೊತ್ತಿಗೇ ಆದರೆ ಹೆಚ್ಚು ಫಲ.

ಹಾಗಾದರೆ ಫಾರ್ವರ್ಡ್ ಮಾಡಬಹುದೇ?

ನಾಲ್ಕು ಹಂತಗಳ ಹೆಸರು ನಿಜ, ಹೇಳಿದವರು ನಿಜ. ಅನೇಕ ತಂಡಗಳಲ್ಲಿ ಈ ಲಕ್ಷಣಗಳು ಕಾಣುತ್ತವೆ ಎಂಬುದೂ ನಿಜ. ಆದರೆ ಪ್ರತಿ ತಂಡವೂ ಇದೇ ಸಾಲಿನಲ್ಲಿ ದಾಟಲೇಬೇಕು ಎಂಬುದಕ್ಕೆ ಪುರಾವೆ ಇಲ್ಲ. ಜಗಳ ಗೆಲುವಿಗೆ ಕಡ್ಡಾಯ ಎಂಬುದಕ್ಕೂ ಇಲ್ಲ. ಲೀಡರ್ ಸುಮ್ಮನಿರಬೇಕು ಎಂಬುದನ್ನಂತೂ ಟಕ್‌ಮನ್ ಹೇಳಿಲ್ಲ, ಯಾರೋ ಸೇರಿಸಿದ್ದಾರೆ.

ಆ ಚಿತ್ರ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅಳಿಸಬೇಕಾಗಿಲ್ಲ. ಅದರ ಕೆಳಗೆ ಎರಡು ಸಾಲು ಸೇರಿಸಿ ಕಳಿಸಿ: “ಜಗಳ ಕೆಲಸದ ಬಗ್ಗೆಯೋ ಮನುಷ್ಯರ ಬಗ್ಗೆಯೋ ನೋಡಿ. ಕೆಲಸದ ಬಗ್ಗೆಯಾದರೆ ಅಳೆದು ತೀರ್ಮಾನಿಸಿ, ಮನುಷ್ಯರ ಬಗ್ಗೆಯಾದರೆ ಆ ದಿನವೇ ತಡೆಯಿರಿ.”